ನನ್ನ ಕಾಫಿ ಹೂವಿನ ಫೋಟೋ ಸೈಟ್ ಮಾರುವವರ ಜಾಹೀರಾತಿನಲ್ಲಿ ಬಂದಿದೆ. ಎಷ್ಟು ಕೇಳಬಹುದು, ಎಲ್ಲಿ ಕೇಸ್ ಹಾಕಬೇಕು?

ತೋಟದಮನೆ (ಮೂಲ ಪೋಸ್ಟ್)

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಮಗಳೂರು ಕಡೆಯವನು. ತೋಟದ ಕೆಲಸದ ಜೊತೆಗೆ ಹದಿನೈದು ವರ್ಷದಿಂದ ಫೋಟೋ ತೆಗೆಯುತ್ತೇನೆ, ಹೋಂಸ್ಟೇಗಳಿಗೆ, ಕ್ಯಾಲೆಂಡರ್ ಮಾಡುವವರಿಗೆ ಮಾರುತ್ತೇನೆ. ಕಳೆದ ವರ್ಷ ಹೂಮಳೆ ಬಿದ್ದು ಒಂಬತ್ತನೇ ದಿನ ಬೆಳಿಗ್ಗೆ ನಮ್ಮ ಪಕ್ಕದ ತೋಟದಲ್ಲಿ ಒಂದು ಫೋಟೋ ತೆಗೆದೆ. ಇಳಿಜಾರಿನ ತುಂಬಾ ಬಿಳಿ ಹೂವು, ಮೇಲೆ ಮಂಜು, ನಡುವೆ ಸಿಲ್ವರ್ ಮರಗಳು. ಮೂಲೆಯಲ್ಲಿ ನನ್ನ ಹೆಸರು ಹಾಕಿ ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದೆ.

ಹೋದ ವಾರ ಹಾಸನಕ್ಕೆ ಹೋಗುವಾಗ ಬೈಪಾಸ್ ಹತ್ತಿರ ಅದೇ ಫೋಟೋ ದೊಡ್ಡ ಹೋರ್ಡಿಂಗ್‌ನಲ್ಲಿ ಕಂಡಿತು. ಬೆಂಗಳೂರಿನ ಒಂದು ಕಂಪನಿ ಫಾರ್ಮ್ ಪ್ಲಾಟ್ ಮಾರುತ್ತಿದೆ. ಫೋಟೋವನ್ನು ಎಡಬಲ ತಿರುಗಿಸಿದ್ದಾರೆ, ಹೆಸರಿದ್ದ ಮೂಲೆ ಕತ್ತರಿಸಿದ್ದಾರೆ. ಆಮೇಲೆ ಹುಡುಕಿದರೆ ಒಂದು ಭಾನುವಾರದ ಪತ್ರಿಕೆಯಲ್ಲಿ ಅರ್ಧ ಪುಟ, ಫೇಸ್‌ಬುಕ್‌ನಲ್ಲೂ ಜಾಹೀರಾತು ಓಡುತ್ತಿದೆ. ಫೋನ್ ಮಾಡಿದೆ. ಮಾರ್ಕೆಟಿಂಗ್‌ನವರು "ಗೂಗಲ್‌ನಲ್ಲಿ ಸಿಕ್ಕಿತು, ಏಜೆನ್ಸಿಯವರು ಮಾಡಿದ್ದು, ಐದು ಸಾವಿರ ಕೊಡ್ತೀವಿ, ಮುಗಿಸಿಬಿಡಿ" ಅಂದರು. ಆ ಮಾತಿನ ಧಾಟಿ ಕೇಳಿ ರಾತ್ರಿ ನಿದ್ದೆ ಬರಲಿಲ್ಲ. ನಾನು ಏನು ಮಾಡಬಹುದು? ರಿಜಿಸ್ಟ್ರೇಷನ್ ಏನೂ ಮಾಡಿಸಿಲ್ಲ.

ಮಲ್ನಾಡ್ಮಂಜು

ಹೆಸರು ಹಾಕಿ ಫೇಸ್‌ಬುಕ್‌ನಲ್ಲಿ ಬರೀರಿ ಅಣ್ಣಾ. ಸಾವಿರ ಜನ ಶೇರ್ ಮಾಡಿದ್ರೆ ತಾನಾಗೇ ಓಡಿ ಬರ್ತಾರೆ.

ಪ್ರೆಸ್‌ಗಲ್ಲಿ

ಬೇಸರ ಮಾಡ್ಕೋಬೇಡಿ, ಆದ್ರೆ ರಿಜಿಸ್ಟರ್ ಮಾಡಿಸದೆ ಕಾಪಿರೈಟ್ ಕೇಸ್ ನಿಲ್ಲಲ್ಲ. ಇನ್‌ಸ್ಟಾದಲ್ಲಿ ಹಾಕಿದ ಮೇಲೆ ಅದು ಪಬ್ಲಿಕ್ ಆಯ್ತು. ಅದೂ ಅಲ್ಲದೆ ಫೋಟೋ ಉಲ್ಟಾ ಮಾಡಿದ್ದಾರೆ ಅಂತೀರಿ. ಶೇಕಡಾ 20ರಷ್ಟು ಬದಲಾಯಿಸಿದ್ರೆ ಹೊಸದು ಅಂತ ಲೆಕ್ಕ. ಐದನ್ನು ಹತ್ತು ಮಾಡಿಸಿಕೊಂಡು ಬಿಟ್ಟುಬಿಡಿ.

ಕೋರ್ಟ್‌ಹಾಲ್3

ಮೇಲಿನವರು ಹೇಳಿದ ಮೂರೂ ತಪ್ಪು. ನಾನು ಇಪ್ಪತ್ತು ವರ್ಷದಿಂದ ಸಿವಿಲ್ ಪ್ರಾಕ್ಟೀಸ್ ಮಾಡುವವನು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಫೋಟೋ ತೆಗೆದ ಕ್ಷಣಕ್ಕೇ ಕಾಪಿರೈಟ್ ಹುಟ್ಟುತ್ತದೆ. ನೋಂದಣಿ ಇದ್ದರೆ ಕೋರ್ಟಿನಲ್ಲಿ ಮೊದಲ ಸಾಕ್ಷಿಯಾಗಿ ಅನುಕೂಲ, ಅಷ್ಟೇ. ಇಲ್ಲದಿದ್ದರೂ ಕೇಸ್ ಹಾಕಬಹುದು. ಇನ್‌ಸ್ಟಾಗ್ರಾಂಗೆ ನೀವು ಕೊಟ್ಟ ಅನುಮತಿ ಆ ಕಂಪನಿಗೆ ಮಾತ್ರ, ದಾರಿಯಲ್ಲಿ ಹೋಗುವ ಪ್ಲಾಟ್ ಮಾರಾಟಗಾರರಿಗಲ್ಲ. ಇನ್ನು ಆ ಶೇಕಡಾ 20ರ ಲೆಕ್ಕ ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಎಷ್ಟು ವರ್ಷದಿಂದ ಈ ಮಾತು ಕೇಳುತ್ತಿದ್ದೇನೋ, ಎಲ್ಲಿಂದ ಬಂತೋ ಗೊತ್ತಿಲ್ಲ.

ಮಂಜು ಅವರು ಹೇಳಿದ ಹಾಗೆ ಫೇಸ್‌ಬುಕ್‌ನಲ್ಲಿ ಬೈಯೋದು ಬೇಡ. ನೀವು ಬರೆಯುವ ಒಂದು ಮಾತು ಹೆಚ್ಚುಕಮ್ಮಿ ಆದರೂ ಅವರು ಮಾನನಷ್ಟದ ನೋಟಿಸ್ ಕಳಿಸುತ್ತಾರೆ. ಆಮೇಲೆ ವಿಷಯ ಫೋಟೋ ಬಿಟ್ಟು ಅಲ್ಲಿಗೆ ಹೋಗುತ್ತದೆ.

ಈಗ ನಿಮ್ಮ ಹತ್ತಿರ ಇರುವ ಸಮಯ ಬಹಳ ಕಡಿಮೆ. ನೀವು ಫೋನ್ ಮಾಡಿ ಎಚ್ಚರಿಸಿಬಿಟ್ಟಿದ್ದೀರಿ, ಎಲ್ಲ ತೆಗೆದುಹಾಕುವ ಮುಂಚೆ ಸಾಕ್ಷಿ ಹಿಡಿಯಿರಿ. ಫೇಸ್‌ಬುಕ್ ಜಾಹೀರಾತು Ad Library ಅನ್ನುವ ಪುಟದಲ್ಲಿ ಸಿಗುತ್ತದೆ, ಕಂಪನಿ ಹೆಸರು ಹಾಕಿ ಹುಡುಕಿ. ಅಲ್ಲಿ ಜಾಹೀರಾತಿಗೆ ಒಂದು ನಂಬರು, ಶುರುವಾದ ದಿನಾಂಕ ಇರುತ್ತದೆ. ನಮ್ಮಲ್ಲಿ ಇಂಥ ವ್ಯಾಪಾರದ ಜಾಹೀರಾತು ನಿಲ್ಲಿಸಿದ ಕೂಡಲೇ ಅಲ್ಲಿಂದ ಮಾಯವಾಗುತ್ತದೆ, ಹಾಗಾಗಿ ಇವತ್ತೇ ಮಾಡಿ. ಪತ್ರಿಕೆಯ ಆ ದಿನದ ಪ್ರತಿ ಎರಡು ತನ್ನಿ, ಪೂರ್ತಿ ಪತ್ರಿಕೆ ಬೇಕು, ಕತ್ತರಿಸಿದ ತುಂಡು ಬೇಡ. ಹೋರ್ಡಿಂಗ್‌ನ ಫೋಟೋ ಹತ್ತಿರದಿಂದ ಒಂದು, ರಸ್ತೆ, ಅಂಗಡಿ ಬೋರ್ಡು ಎಲ್ಲ ಕಾಣುವ ಹಾಗೆ ದೂರದಿಂದ ಒಂದು.

ಮೂಲ ರಾ ಫೈಲ್ ಇದೆಯಾ?

ತೋಟದಮನೆ

ಇದೆ ಸಾರ್. ಆ ಬೆಳಿಗ್ಗೆ ತೆಗೆದ ನಲವತ್ತು ಚಿಲ್ಲರೆ ಫ್ರೇಮ್ ಎಲ್ಲವೂ ಇವೆ, ಮಂಜು ಮೇಲೇಳುವುದು ಒಂದಾದ ಮೇಲೆ ಒಂದರಲ್ಲಿ ಕಾಣುತ್ತದೆ. ಮೂರನೇ ಸಿಲ್ವರ್ ಮರದಲ್ಲಿ ಒಂದು ಮುರಿದ ಕೊಂಬೆ ನೇತಾಡುತ್ತಿದೆ. ಹೋರ್ಡಿಂಗ್‌ನಲ್ಲೂ ಅದೇ ಕೊಂಬೆ, ಬಲಗಡೆ ಇರಬೇಕಾದ್ದು ಎಡಗಡೆಗೆ. ನೋಡಿದ ತಕ್ಷಣ ನನಗೆ ಗೊತ್ತಾಗಿದ್ದೇ ಅದರಿಂದ. Ad Library ಈಗ ನೋಡಿದೆ, ಇನ್ನೂ ಇದೆ! ಎಲ್ಲ ಉಳಿಸಿಕೊಂಡೆ.

ಕೋರ್ಟ್‌ಹಾಲ್3

ಬಹಳ ಒಳ್ಳೆಯದಾಯಿತು. ಹಿಂದಿನ ಮುಂದಿನ ಫ್ರೇಮ್‌ಗಳು ಇರುವುದು ನಿಮ್ಮೊಬ್ಬರ ಹತ್ತಿರ ಮಾತ್ರ. ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಮೆಮೊರಿ ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಡಿ, ಫೈಲ್‌ಗಳನ್ನು ಬೇರೆ ಹೆಸರಲ್ಲಿ ಸೇವ್ ಮಾಡಬೇಡಿ.

ಒಂದು ವಿಷಯ ತುಂಬಾ ಜನ ಮರೆಯುತ್ತಾರೆ. ಸ್ಕ್ರೀನ್‌ಶಾಟ್, ಡಿಜಿಟಲ್ ಫೋಟೋ ಇವುಗಳನ್ನು ಸುಮ್ನೆ ಪ್ರಿಂಟ್ ಹಾಕಿ ಕೊಟ್ಟರೆ ಕೋರ್ಟ್ ಒಪ್ಪುವುದಿಲ್ಲ, ಜೊತೆಗೆ ಸರ್ಟಿಫಿಕೇಟ್ ಬೇಕು. ಮೊದಲು 65ಬಿ ಅನ್ನುತ್ತಿದ್ದೆವು. 2024ರ ಜುಲೈ 1ರಿಂದ ಹೊಸ ಸಾಕ್ಷ್ಯ ಕಾಯ್ದೆಯ ಸೆಕ್ಷನ್ 63. ಅದರಲ್ಲಿ ಎರಡು ಭಾಗ. ಒಂದು ನೀವು ಸಹಿ ಮಾಡುವುದು, ಇನ್ನೊಂದು ತಜ್ಞರು ಮಾಡುವುದು. ಫೈಲಿನ ಬೆರಳಚ್ಚಿನಂಥ ಹ್ಯಾಶ್ ನಂಬರನ್ನೂ ಅದರಲ್ಲಿ ಬರೆಯಬೇಕು. ಅದಕ್ಕೇ ಫೈಲ್ ಮುಟ್ಟಬೇಡಿ ಅಂದಿದ್ದು. ಒಂದು ಚುಕ್ಕಿ ಬದಲಾದರೂ ಆ ನಂಬರು ಬೇರೆಯಾಗುತ್ತದೆ.

ಲೇಔಟ್‌ಅಕ್ಕ

ನಾನು ಹನ್ನೊಂದು ವರ್ಷ ಏಜೆನ್ಸಿಯಲ್ಲಿ ಆರ್ಟ್ ವರ್ಕ್ ಮಾಡಿದವಳು. ಇದು ಹೇಗೆ ಆಗುತ್ತದೆ ಅಂತ ಹೇಳ್ತೀನಿ, ಸಮರ್ಥನೆ ಅಲ್ಲ. ಕ್ಲೈಂಟ್ ಸಂಜೆ ಆರಕ್ಕೆ ಫೋನ್ ಮಾಡಿ ನಾಳೆ ಬೆಳಿಗ್ಗೆ ಮೂರು ಆಪ್ಷನ್ ಬೇಕು ಅಂತಾರೆ. ಡಿಸೈನರ್ ನೆಟ್‌ನಿಂದ ಒಂದು ಫೋಟೋ ಎಳೆದು ಡಮ್ಮಿಯಾಗಿ ಕೂರಿಸ್ತಾರೆ. ಅಪ್ರೂವ್ ಆದ ಮೇಲೆ ಕೊಂಡುಕೊಳ್ಳೋಣ ಅಂತ. ಕ್ಲೈಂಟ್‌ಗೆ ಅದೇ ಫೋಟೋ ಇಷ್ಟ ಆಗುತ್ತೆ. ಆಮೇಲೆ ಆ ಫೋಟೋ ಎಲ್ಲಿಂದ ಬಂತು ಅಂತ ಯಾರೂ ಕೇಳಲ್ಲ, ಫೈಲ್ ನೇರ ಪ್ರೆಸ್‌ಗೆ ಹೋಗುತ್ತೆ. ಡಮ್ಮಿಯೇ ಜಾಹೀರಾತು ಆಗಿಬಿಡುತ್ತೆ.

ಆದರೆ ಈ ಕೇಸಲ್ಲಿ ಫೋಟೋ ತಿರುಗಿಸಿ ಹೆಸರು ಕತ್ತರಿಸಿದ್ದಾರೆ. ತಿರುಗಿಸಿದ್ದು ಅಕ್ಷರ ಕೂರಿಸೋಕೆ ಇರಬಹುದು, ನಾವೂ ಮಾಡ್ತೀವಿ. ಹೆಸರಿರುವ ಮೂಲೆ ಕತ್ತರಿಸೋದು ಕೈ ತಪ್ಪಿ ಆಗೋದಲ್ಲ. ಆ ಡಿಸೈನರ್ ಹೆಸರು ನೋಡಿದ್ದಾರೆ.

ಹೋರ್ಡಿಂಗ್ ಹತ್ತಿರದಿಂದ ನೋಡಿದಾಗ ಚುಕ್ಕಿ ಚುಕ್ಕಿ ಕಾಣ್ತಿತ್ತಾ? ಇನ್‌ಸ್ಟಾದಿಂದ ಇಳಿಸಿದ್ದರೆ ಅಗಲ 1080 ಪಿಕ್ಸೆಲ್ ಅಷ್ಟೇ ಇರುತ್ತೆ. ಅದನ್ನ ಇಪ್ಪತ್ತು ಅಡಿ ಫ್ಲೆಕ್ಸ್‌ಗೆ ಎಳೆದರೆ ಎಲೆ ಎಲ್ಲ ಕಲಸಿದ ಹಾಗೆ ಕಾಣುತ್ತೆ.

ತೋಟದಮನೆ

ಹೌದು ಮೇಡಂ, ಹೂವು ಹಿಟ್ಟು ಚೆಲ್ಲಿದ ಹಾಗೆ ಕಾಣುತ್ತಿತ್ತು. ನನ್ನ ಮೂಲ ಫೈಲ್ 6000 ಪಿಕ್ಸೆಲ್ ಅಗಲ. ನಿಜ ಹೇಳಬೇಕೆಂದರೆ ಅದೂ ನೋವಾಯಿತು. ಅಷ್ಟು ಚಂದದ ಬೆಳಗನ್ನು ಹಾಗೆ ನೋಡೋಕೆ ಆಗಲಿಲ್ಲ.

ಪ್ರೆಸ್‌ಗಲ್ಲಿ

ಸರಿ, ರಿಜಿಸ್ಟ್ರೇಷನ್ ವಿಷಯ ನಾನು ತಪ್ಪು ತಿಳಿದಿದ್ದೆ, ಒಪ್ಪಿದೆ. ಆದ್ರೆ ಅವರು "ನಮಗೆ ಗೊತ್ತಿರಲಿಲ್ಲ" ಅಂದ್ರೆ ದುಡ್ಡು ಕೊಡಬೇಕಾಗಿಲ್ಲ ಅಂತ ಕಾನೂನಲ್ಲೇ ಇದೆ ಅಲ್ವಾ? ನಮ್ಮ ಪ್ರೆಸ್‌ಗೆ ಒಮ್ಮೆ ನೋಟಿಸ್ ಬಂದಾಗ ವಕೀಲರು ಅದನ್ನೇ ಬರೆದು ಉತ್ತರ ಕೊಟ್ಟಿದ್ರು.

ಕೋರ್ಟ್‌ಹಾಲ್3

ಅರ್ಧ ಸರಿ. ಕಾಪಿರೈಟ್ ಕಾಯ್ದೆಯ ಸೆಕ್ಷನ್ 55ರಲ್ಲಿ ಆ ಮಾತಿದೆ. ಫೋಟೋಗೆ ಕಾಪಿರೈಟ್ ಇದೆ ಅಂತ ಗೊತ್ತಿರಲಿಲ್ಲ, ಹಾಗೆ ಅನುಮಾನ ಪಡಲು ಕಾರಣವೂ ಇರಲಿಲ್ಲ ಅಂತ ಅವರು ಸಾಬೀತು ಮಾಡಬೇಕು. ಸಾಬೀತು ಮಾಡುವ ಹೊರೆ ಅವರ ಮೇಲೆ. ಮಾಡಿದರೂ ಪೂರ್ತಿ ಬಿಡುಗಡೆ ಇಲ್ಲ. ಪರಿಹಾರ ಸಿಗದೇ ಹೋಗಬಹುದು, ಆದರೆ ತಡೆಯಾಜ್ಞೆ ಸಿಗುತ್ತದೆ. ಆ ಫೋಟೋದಿಂದ ಬಂದ ಲಾಭದಲ್ಲೂ ಕೋರ್ಟ್ ಪಾಲು ಕೊಡಿಸಬಹುದು.

ಇಲ್ಲಿ ಹೆಸರಿದ್ದ ಮೂಲೆ ಕತ್ತರಿಸಿದವರು "ಗೊತ್ತಿರಲಿಲ್ಲ" ಅಂತ ಹೇಗೆ ಹೇಳುತ್ತಾರೆ? ಇನ್‌ಸ್ಟಾಗ್ರಾಂನಲ್ಲಿ ಹೆಸರು ಇರುವ ಪೋಸ್ಟನ್ನು ತಾರೀಖಿನ ಸಮೇತ ಉಳಿಸಿಕೊಳ್ಳಿ. ಹೆಸರು ಅಳಿಸಿದ್ದು ಸೆಕ್ಷನ್ 57ರಲ್ಲಿ ಬೇರೆಯೇ ತಪ್ಪು. ಕೃತಿ ನನ್ನದು ಅಂತ ಹೇಳಿಕೊಳ್ಳುವ ಹಕ್ಕು ಅದು, ಫೋಟೋ ಮಾರಿದ ಮೇಲೂ ನಿಮ್ಮಲ್ಲೇ ಉಳಿಯುತ್ತದೆ.

ಫ್ರೀಮಾಂಟ್‌ಕನ್ನಡಿಗ

ಇಲ್ಲಿ ಅಮೆರಿಕದಲ್ಲಿ ಇಂಥ ಕೇಸಿಗೆ ಲಕ್ಷಗಟ್ಟಲೆ ಡಾಲರ್ ಬರುತ್ತೆ. ಹೈಟಿ ಭೂಕಂಪದ ಫೋಟೋಗಳನ್ನ ಟ್ವಿಟರ್‌ನಿಂದ ತೆಗೆದು ಹಂಚಿದ್ದಕ್ಕೆ ಡೇನಿಯಲ್ ಮೊರೆಲ್ ಅನ್ನುವ ಫೋಟೋಗ್ರಾಫರ್‌ಗೆ 2013ರಲ್ಲಿ ನ್ಯೂಯಾರ್ಕ್ ಜ್ಯೂರಿ 12 ಲಕ್ಷ ಡಾಲರ್ ಕೊಡಿಸಿತು. ಎದುರಾಳಿ ಎಎಫ್‌ಪಿ ಮತ್ತು ಗೆಟ್ಟಿ. ನೀವು ಐವತ್ತು ಲಕ್ಷಕ್ಕೆ ಕಡಿಮೆ ಕೇಳಬೇಡಿ.

ಕೋರ್ಟ್‌ಹಾಲ್3

ದಯವಿಟ್ಟು ಹಾಗೆ ಮಾಡಬೇಡಿ. ಅಮೆರಿಕದಲ್ಲಿ ಒಂದೊಂದು ಕೃತಿಗೆ ಇಷ್ಟರಿಂದ ಇಷ್ಟು ಅಂತ ಕಾನೂನೇ ಮೊತ್ತ ಹೇಳುತ್ತದೆ. ನಮ್ಮಲ್ಲಿ ಅದಿಲ್ಲ. ಇಲ್ಲಿ ನಷ್ಟ ಎಷ್ಟು ಅಂತ ನೀವು ತೋರಿಸಬೇಕು. ಕೇಳುವ ಮೊತ್ತದ ಮೇಲೆ ಕೋರ್ಟ್ ಫೀ ಕಟ್ಟಬೇಕು. ಐವತ್ತು ಲಕ್ಷ ಅಂತ ಬರೆದರೆ ಐವತ್ತು ಲಕ್ಷಕ್ಕೆ ಫೀ ಕಟ್ಟಿ ಕೊನೆಗೆ ಐವತ್ತು ಸಾವಿರ ಪಡೆದು ಮನೆಗೆ ಬರುತ್ತೀರಿ.

ಲೆಕ್ಕ ಹೀಗೆ ಶುರು ಮಾಡಿ: ಅವರು ಮೊದಲೇ ಬಂದು ಕೇಳಿದ್ದರೆ ನೀವು ಎಷ್ಟಕ್ಕೆ ಕೊಡುತ್ತಿದ್ದಿರಿ? ಹಿಂದೆ ಜಾಹೀರಾತಿಗೆ ಕೊಟ್ಟ ಬಿಲ್ ಏನಾದರೂ ಇದೆಯಾ?

ತೋಟದಮನೆ

ಇದೆ. ಎರಡು ವರ್ಷದ ಹಿಂದೆ ಒಂದು ರೆಸಾರ್ಟ್‌ನವರಿಗೆ ಒಂದು ಹೋರ್ಡಿಂಗ್‌ಗೆ, ಮೂರು ತಿಂಗಳಿಗೆ 18,000ಕ್ಕೆ ಕೊಟ್ಟಿದ್ದೆ. ಬ್ಯಾಂಕಿಗೇ ಬಂದಿದೆ. ಕ್ಯಾಲೆಂಡರ್‌ಗೆ 8,000. ಪತ್ರಿಕೆ ಜಾಹೀರಾತಿಗೆ ಯಾವತ್ತೂ ಕೊಟ್ಟಿಲ್ಲ.

ಕೋರ್ಟ್‌ಹಾಲ್3

ಸಾಕು. ಕ್ಯಾಲೆಂಡರ್ ಬಿಲ್ ಬಿಡಿ, ಅದು ಬೇರೆ ಬಳಕೆ. ಹೋರ್ಡಿಂಗ್ ಬಿಲ್ಲೇ ನಿಮ್ಮ ಅಳತೆಗೋಲು. ಎಷ್ಟು ಹೋರ್ಡಿಂಗ್ ಇವೆ ಅಂತ ಎಣಿಸಿ. ಮೂರು ಇದ್ದರೆ 54,000. ಪತ್ರಿಕೆಯ ಅರ್ಧ ಪುಟಕ್ಕೆ, ಫೇಸ್‌ಬುಕ್‌ಗೆ ನಿಮ್ಮಂಥವರು ಪಡೆಯುವ ದರ ಏನು ಅಂತ ಇಬ್ಬರು ಫೋಟೋಗ್ರಾಫರ್‌ಗಳಿಂದ ಬರಹದಲ್ಲಿ ತೆಗೆದುಕೊಳ್ಳಿ. ಅಲ್ಲಿಗೆ ಸುಮಾರು ಒಂದು ಲಕ್ಷದ ಹತ್ತಿರ ಬರಬಹುದು. ಹೆಸರು ತೆಗೆದದ್ದಕ್ಕೆ, ಖರ್ಚಿಗೆ ಸೇರಿಸಿ ನೋಟಿಸ್‌ನಲ್ಲಿ ಒಂದೂವರೆ, ಎರಡು ಲಕ್ಷ ಕೇಳಿದರೆ ಪ್ರತಿ ರೂಪಾಯಿಗೂ ನಿಮ್ಮಲ್ಲಿ ಉತ್ತರ ಇರುತ್ತದೆ. ಅವರ ಲಾಭದಲ್ಲಿ ಪಾಲು ಕೇಳುವ ದಾರಿಯೂ ಇದೆ. ಆದರೆ ಪ್ಲಾಟ್ ಮಾರಾಟ ಆಗಿದ್ದು ನಿಮ್ಮ ಫೋಟೋದಿಂದ ಅಂತ ತೋರಿಸುವುದು ತುಂಬಾ ಕಷ್ಟ.

ಫ್ಲೆಕ್ಸ್‌ಶಿವಣ್ಣ

ಹೋರ್ಡಿಂಗ್ ಎಷ್ಟು ಅಂತ ನೀವು ಊರೂರು ಸುತ್ತಬೇಕಾಗಿಲ್ಲ. ನಾನು ಇದೇ ಲೈನಲ್ಲಿ ಇದ್ದೀನಿ. ಏಜೆನ್ಸಿಗೆ ಬಿಲ್ ಹಾಕುವಾಗ ಸೈಟ್ ಲಿಸ್ಟ್ ಕೊಡ್ತೀವಿ. ಯಾವ ಜಾಗ, ಯಾವ ಅಳತೆ, ಯಾವ ತಾರೀಖಿನಿಂದ ಎಲ್ಲಿವರೆಗೆ ಅಂತ. ಬೋರ್ಡ್ ಏರಿಸಿದ ದಿನ ಫೋಟೋ ತೆಗೆದು ಕಳಿಸ್ತೀವಿ, ಅದಿಲ್ಲದೆ ಪೇಮೆಂಟ್ ಆಗಲ್ಲ. ಆ ಕಾಗದ ಎಲ್ಲ ಅವರ ಹತ್ತಿರ ಇರುತ್ತೆ. ನೋಟಿಸ್‌ನಲ್ಲೇ ಕೇಳಿ.

ಕೋರ್ಟ್‌ಹಾಲ್3

ಶಿವಣ್ಣ, ಇದು ನನಗೂ ಗೊತ್ತಿರಲಿಲ್ಲ. ಧನ್ಯವಾದ. ಕೊಡದಿದ್ದರೆ ಕೋರ್ಟಿನಿಂದಲೇ ಆ ಕಾಗದ ತರಿಸಬಹುದು.

ಸ್ಟುಡಿಯೋಕುಮಾರ

ನಂದೂ ಇದೇ ಕೇಸು. ಮದುವೆ ಫೋಟೋಗ್ರಾಫರ್ ನಾನು, ಮಂಡ್ಯ. ನಾನು ತೆಗೆದ ಮದುಮಗಳ ಫೋಟೋ ಒಂದು ಒಡವೆ ಅಂಗಡಿಯವರು ಪಾಂಪ್ಲೆಟ್‌ನಲ್ಲಿ ಹಾಕಿದ್ದಾರೆ. ಎರಡು ಲಕ್ಷ ಕೊಡಿ ಇಲ್ಲಾಂದ್ರೆ ಕೇಸ್ ಅಂತ ವಾಟ್ಸಾಪ್ ಮಾಡಿದ್ದೀನಿ. ಸರಿ ತಾನೆ?

ಕೋರ್ಟ್‌ಹಾಲ್3

ಕುಮಾರ್, ಸ್ವಲ್ಪ ನಿಲ್ಲಿ. ನಿಮ್ಮದು ಇದೇ ಕೇಸಲ್ಲ. ಮದುವೆಯವರು ದುಡ್ಡು ಕೊಟ್ಟು ನಿಮ್ಮಿಂದ ಫೋಟೋ ತೆಗೆಸಿದ್ದಾರೆ. ಬೇರೆ ಒಪ್ಪಂದ ಇಲ್ಲದಿದ್ದರೆ ಸೆಕ್ಷನ್ 17ರ ಪ್ರಕಾರ ಆ ಫೋಟೋದ ಮೊದಲ ಮಾಲೀಕರು ದುಡ್ಡು ಕೊಟ್ಟವರು, ನೀವಲ್ಲ. ತೋಟದಮನೆಯವರು ಯಾರೂ ಹೇಳದೆ ತಾವೇ ಹೋಗಿ ತೆಗೆದದ್ದು, ಹಾಗಾಗಿ ಅದು ಅವರದ್ದೇ. ನಿಮ್ಮ ಬುಕಿಂಗ್ ಫಾರಂನಲ್ಲಿ ಕಾಪಿರೈಟ್ ಸ್ಟುಡಿಯೋದ್ದು ಅಂತ ಇದೆಯಾ?

ಸ್ಟುಡಿಯೋಕುಮಾರ

ಅಡ್ವಾನ್ಸ್ ವಾಪಸ್ ಇಲ್ಲ ಅಂತ ಮಾತ್ರ ಇದೆ. ಇದು ಅನ್ಯಾಯ ಸಾರ್, ಬೆಳಕು ಹೊಂದಿಸಿದ್ದು ನಾನು, ಕ್ಲಿಕ್ ಮಾಡಿದ್ದು ನಾನು!

ಕೋರ್ಟ್‌ಹಾಲ್3

ನಿಮ್ಮ ಸಂಕಟ ಅರ್ಥವಾಗುತ್ತದೆ. ಫೋಟೋ ತೆಗೆದವರು ಅಂತ ಹೆಸರಿನ ಹಕ್ಕು ನಿಮಗೆ ಇದ್ದೇ ಇದೆ. ಆದರೆ ಹಕ್ಕು ನಿಮ್ಮದಲ್ಲದೆ ಬೆದರಿಸಿದರೆ ಸೆಕ್ಷನ್ 60ರ ಕೆಳಗೆ ಅವರೇ ನಿಮ್ಮ ಮೇಲೆ ದಾವೆ ಹಾಕಬಹುದು. ಮೊದಲು ಮದುಮಗಳ ಮನೆಯವರ ಜೊತೆ ಮಾತಾಡಿ. ಅವರ ಮಗಳ ಮುಖ ಕೇಳದೆ ಒಡವೆ ಮಾರೋಕೆ ಬಳಸಿದ್ದಾರೆ, ಅವರ ಪ್ರಕರಣ ನಿಮ್ಮದಕ್ಕಿಂತ ಗಟ್ಟಿ.

ಗೆರೆಬರೆ

ಹಾಗಾದರೆ ಲೋಗೋ? ನಾನು ದುಡ್ಡು ತಗೊಂಡೇ ಒಂದು ಬೇಕರಿಗೆ ಚಿತ್ರ ಬರೆದುಕೊಟ್ಟೆ, ಪೆಟ್ಟಿಗೆ ಮೇಲೆ ಹಾಕೋಕೆ ಅಂತ. ಈಗ ಬಸ್ ಹಿಂದೆಲ್ಲ ಜಾಹೀರಾತಿಗೆ ಹಾಕಿದ್ದಾರೆ. ನಂದೂ ಹೋಯ್ತಾ?

ಕೋರ್ಟ್‌ಹಾಲ್3

ಇಲ್ಲ, ಇಲ್ಲಿ ವ್ಯತ್ಯಾಸ ಇದೆ. ದುಡ್ಡು ಕೊಟ್ಟವರೇ ಮಾಲೀಕರು ಅನ್ನುವ ಆ ಸಾಲು ಫೋಟೋ, ಪೇಂಟಿಂಗ್, ಭಾವಚಿತ್ರ ಅಂತ ಕೆಲವನ್ನು ಮಾತ್ರ ಹೆಸರಿಸುತ್ತದೆ. ನೀವು ಅವರಲ್ಲಿ ಸಂಬಳಕ್ಕೆ ಇಲ್ಲದಿದ್ದರೆ, ಹಕ್ಕು ಬರೆದುಕೊಟ್ಟಿಲ್ಲದಿದ್ದರೆ, ಗ್ರಾಫಿಕ್ ಕೆಲಸದ ಹಕ್ಕು ನಿಮ್ಮಲ್ಲೇ ಇದೆ ಅಂತ ವಾದಿಸಬಹುದು. ನಿಮ್ಮ ಚಿತ್ರ ಪೇಂಟಿಂಗಾ ಅಲ್ಲವಾ ಅನ್ನುವುದರ ಮೇಲೇ ಜಗಳ ಬರಬಹುದು, ಹಾಗಾಗಿ ಗೆದ್ದೇ ಗೆಲ್ಲುತ್ತೀರಿ ಅಂತ ಹೇಳಲಾರೆ. ಪೆಟ್ಟಿಗೆಗೆ ಅಂತ ಮಾತಾಡಿದ ಮೆಸೇಜ್‌ಗಳನ್ನು ಇಟ್ಟುಕೊಳ್ಳಿ.

ತೋಟದಮನೆ

ಒಂದು ಹೊಸ ಸಮಸ್ಯೆ. ಈಗ ಮಧ್ಯಾಹ್ನ ನನ್ನ ಫೋನ್ ನಂಬರಿಗೆ 5,000 ಬಂದು ಬಿದ್ದಿದೆ. ನೋಟ್‌ನಲ್ಲಿ "ಫೋಟೋ ಚಾರ್ಜ್ ಫುಲ್ ಸೆಟಲ್‌ಮೆಂಟ್" ಅಂತಿದೆ. ನಾನು ಕೇಳೇ ಇಲ್ಲ! ಏಜೆನ್ಸಿಯವರ ನಂಬರು.

ಮಲ್ನಾಡ್ಮಂಜು

ಇಟ್ಕೊಳ್ಳಿ, ವಕೀಲರ ಫೀಸಿಗೆ ಆಗುತ್ತೆ.

ಲೇಔಟ್‌ಅಕ್ಕ

ಅಯ್ಯೋ ಬೇಡ! ನಾಳೆ ಅದೇ ರಸೀದಿ ತೋರಿಸ್ತಾರೆ.

ಕೋರ್ಟ್‌ಹಾಲ್3

ಅಕ್ಕ ಹೇಳಿದ್ದು ಸರಿ. ಇವತ್ತೇ ಅದೇ ನಂಬರಿಗೆ ವಾಪಸ್ ಕಳಿಸಿ. "ನಾನು ಒಪ್ಪಿಲ್ಲ, ಯಾವ ಅನುಮತಿಯನ್ನೂ ಕೊಟ್ಟಿಲ್ಲ, ಹಣ ಹಿಂತಿರುಗಿಸಿದ್ದೇನೆ" ಅಂತ ಮೆಸೇಜೂ ಹಾಕಿ. ಅನುಮತಿ ಬರಹದಲ್ಲೇ ಇರಬೇಕು ಅಂತ ಕಾಯ್ದೆ ಹೇಳುತ್ತದೆ. ಹಾಗಾಗಿ ದುಡ್ಡು ಬಂದ ಮಾತ್ರಕ್ಕೆ ಅವರಿಗೆ ಹಕ್ಕು ಬರುವುದಿಲ್ಲ. ಆದರೂ ಇಟ್ಟುಕೊಂಡರೆ ವಿಷಯ ಮುಗಿದಿದೆ ಅಂತ ವಾದ ಮಾಡಲು ಜಾಗ ಸಿಗುತ್ತದೆ. ಒಂದು ಲಾಭವೂ ಆಯಿತು ನೋಡಿ. ನಿಮ್ಮ ಫೋಟೋ ಬಳಸಿದ್ದೇವೆ ಅಂತ ಏಜೆನ್ಸಿ ತಾನೇ ಬರೆದು ಕೊಟ್ಟಂತಾಯಿತು.

ನೋಟಿಸನ್ನು ಕಂಪನಿಗೂ ಏಜೆನ್ಸಿಗೂ ಇಬ್ಬರಿಗೂ ಕಳಿಸಿ. ಅವರವರ ನಡುವಿನ ಕರಾರು ಅವರ ತಲೆನೋವು, ನಿಮ್ಮದಲ್ಲ.

ಪ್ರೆಸ್‌ಗಲ್ಲಿ

ಕೇಸು ಅಂದ್ರೆ ಬೆಂಗಳೂರಿಗೆ ಅಲೀಬೇಕು ಅಲ್ವಾ? ಅದಕ್ಕೇ ನಾನು ಮುಗಿಸಿ ಅಂದಿದ್ದು. ತೋಟದ ಕೆಲಸ ಬಿಟ್ಟು ಎಷ್ಟು ಸಲ ಹೋಗ್ತಾರೆ?

ಕೋರ್ಟ್‌ಹಾಲ್3

ಸಾಮಾನ್ಯ ದಾವೆಯಲ್ಲಿ ಎದುರಾಳಿ ಇರುವ ಊರಿಗೋ ತಪ್ಪು ನಡೆದ ಊರಿಗೋ ಹೋಗಬೇಕು. ಕಾಪಿರೈಟ್‌ನಲ್ಲಿ ಸೆಕ್ಷನ್ 62 ಇದೆ. ಹಕ್ಕುದಾರರು ವಾಸವಿರುವ ಊರಿನ ಜಿಲ್ಲಾ ನ್ಯಾಯಾಲಯದಲ್ಲೇ ಹಾಕಬಹುದು. ಅವರು ಚಿಕ್ಕಮಗಳೂರಿಗೆ ಬರಲಿ.

ಬೆಂಚ್‌ಮಾರ್ಕ್

ನಾನೂ ವಕೀಲ, ಬೆಂಗಳೂರು. ಒಂದು ವಿಷಯಕ್ಕೆ ತಕರಾರು. ದಾವೆ ಮೌಲ್ಯ ಮೂರು ಲಕ್ಷ ಮುಟ್ಟಿದರೆ ಕಮರ್ಷಿಯಲ್ ಕೋರ್ಟಿಗೆ ಹೋಗುತ್ತದೆ, ಅಲ್ಲಿ ಉತ್ತರ ಕೊಡಲು ಗಡುವು ಬಿಗಿ. ಎರಡು ಲಕ್ಷ ಅಂತ ಹಾಕಿ ಮಾಮೂಲಿ ಪಟ್ಟಿಯಲ್ಲಿ ವರ್ಷಗಟ್ಟಲೆ ಕೂರುವ ಬದಲು ಮೂರೂವರೆ ಹಾಕಿಸಿ.

ಕೋರ್ಟ್‌ಹಾಲ್3

ಗಡುವು ಬಿಗಿ, ನಿಜ. ಆದರೆ ಅಲ್ಲಿ ತುರ್ತು ತಡೆಯಾಜ್ಞೆ ಕೇಳದೆ ಹೋದರೆ ಮೊದಲು ಕಮರ್ಷಿಯಲ್ ಕೋರ್ಟ್ ಕಾಯ್ದೆಯ ಸೆಕ್ಷನ್ 12ಎ ಮಧ್ಯಸ್ಥಿಕೆಗೆ ಹೋಗಲೇಬೇಕು. ಅದು ಕಡ್ಡಾಯ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ನಾಳೆ ಅವರು ಎಲ್ಲ ಹೋರ್ಡಿಂಗ್ ಇಳಿಸಿಬಿಟ್ಟರೆ ಇವರಿಗೆ ತುರ್ತು ಏನು ಉಳಿಯುತ್ತದೆ? ಇಲ್ಲದ ನಷ್ಟ ತೋರಿಸಿ ಮೂರೂವರೆ ಅಂತ ಬರೆಯುವುದು ನನಗೆ ಇಷ್ಟವಿಲ್ಲ.

ಬೆಂಚ್‌ಮಾರ್ಕ್

ಮಧ್ಯಸ್ಥಿಕೆ ಕೆಟ್ಟದ್ದು ಅಂತ ಯಾಕೆ ಅಂದುಕೊಳ್ಳಬೇಕು? ಮೂರು ತಿಂಗಳ ಕಾಲಮಿತಿ ಇದೆ, ಇಬ್ಬರೂ ಒಪ್ಪಿದರೆ ಇನ್ನೆರಡು. ಕಂಪನಿಯವರು ಬಂದು ಕೂತರೆ ಇಂಥ ಸಣ್ಣ ಮೊತ್ತ ಅಲ್ಲೇ ಮುಗಿಯಬಹುದು. ಬರದಿದ್ದರೆ ಆಗ ದಾವೆ. ನಾನಂತೂ ನನ್ನ ಕಕ್ಷಿದಾರರಿಗೆ ಅದನ್ನೇ ಹೇಳುತ್ತೇನೆ.

ಕೋರ್ಟ್‌ಹಾಲ್3

ಇರಲಿ, ಇದರಲ್ಲಿ ನಾವಿಬ್ಬರೂ ಒಪ್ಪುವುದಿಲ್ಲ. ತೋಟದಮನೆಯವರೇ, ನಿಮ್ಮ ಊರಿನ ವಕೀಲರು ಅಲ್ಲಿಯ ಕೋರ್ಟಿನ ಪರಿಸ್ಥಿತಿ ನೋಡಿ ಹೇಳಲಿ. ಆತುರ ಬೇಡ. ಆದರೆ ಪರಿಹಾರಕ್ಕೆ ದಾವೆ ಹಾಕಲು ತಪ್ಪು ನಡೆದ ದಿನದಿಂದ ಮೂರು ವರ್ಷ ಮಾತ್ರ ಅನ್ನುವುದು ನೆನಪಿರಲಿ.

ತೋಟದಮನೆ (ಹನ್ನೆರಡು ದಿನದ ನಂತರ)

ಆಮೇಲೆ ಏನಾಯಿತು ಅಂತ ಎಲ್ಲರಿಗೂ ತಿಳಿಸುತ್ತಿದ್ದೇನೆ. ಐದು ಸಾವಿರ ಅವತ್ತೇ ವಾಪಸ್ ಕಳಿಸಿದೆ. ಇಲ್ಲಿಯ ವಕೀಲರಿಂದ ನೋಟಿಸ್ ಹೋಯಿತು. ಒಂದು ಲಕ್ಷದ ಎಪ್ಪತ್ತು ಸಾವಿರ ಕೇಳಿದ್ದೇವೆ, ಶಿವಣ್ಣ ಹೇಳಿದ ಸೈಟ್ ಲಿಸ್ಟೂ ಕೇಳಿದ್ದೇವೆ. ನಿನ್ನೆ ಕಂಪನಿಯಿಂದ ಉತ್ತರ ಬಂತು. ತಪ್ಪೆಲ್ಲ ಏಜೆನ್ಸಿಯದ್ದು, ತಾವು ನಂಬಿ ಮೋಸ ಹೋದೆವು, ಫೋಟೋ ಎಲ್ಲ ಕಡೆ ತೆಗೆದಿದ್ದೇವೆ ಅಂತ. ಏಜೆನ್ಸಿಯಿಂದ ಇನ್ನೂ ಉತ್ತರ ಇಲ್ಲ, ಆದರೆ ಅವರ ಕಡೆಯವರು ಒಬ್ಬರು ಫೋನ್ ಮಾಡಿ ನಲವತ್ತು ಸಾವಿರ ಅಂದರು. ಏನಿದ್ದರೂ ಬರಹದಲ್ಲಿ ಕಳಿಸಿ ಅಂದೆ.

ಎಲ್ಲ ಕಡೆ ತೆಗೆದಿದ್ದೇವೆ ಅನ್ನುವುದು ಸುಳ್ಳು. ಬೈಪಾಸಿನದು ಇಳಿಸಿದ್ದಾರೆ. ಬೇಲೂರು ರಸ್ತೆಯಲ್ಲಿ ಇನ್ನೊಂದು ಹಾಗೇ ಇದೆ ಅಂತ ನಮ್ಮ ಭಾವ ಈಗ ಫೋನ್ ಮಾಡಿ ಹೇಳಿದರು.

ಕೋರ್ಟ್‌ಹಾಲ್3

ಉತ್ತರ ಕೊಟ್ಟ ತಾರೀಖಿನ ನಂತರವೂ ಅದು ನಿಂತಿದೆ ಅಂದರೆ "ಗೊತ್ತಿರಲಿಲ್ಲ" ಅನ್ನುವ ವಾದ ಅಲ್ಲಿಗೆ ಬಿತ್ತು. ತಡೆಯಾಜ್ಞೆಗೂ ಕಾರಣ ಸಿಕ್ಕಿತು. ಇವತ್ತಿನ ಪತ್ರಿಕೆ ಕೈಯಲ್ಲಿ ಹಿಡಿದು ಯಾರನ್ನಾದರೂ ಪಕ್ಕ ನಿಲ್ಲಿಸಿ ಫೋಟೋ ತೆಗೆಯಿರಿ. ಎಷ್ಟು ಬೇಗ ಹೋಗ್ತೀರೋ ಅಷ್ಟು ಒಳ್ಳೆಯದು.

ತೋಟದಮನೆ

ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಡುತ್ತೇನೆ. ಭಾವನೂ ಬರುತ್ತಾರೆ.